ಸಂಪು ಸೋರಿದ್ದು ಎಲ್ಲಿ?

ಪರಿಚಯದವರೊಬ್ಬರ ಹೊಸ ಮನೆಯ ಸಂಪಿನ ಕಾಂಕ್ರೀಟಿಗೆ ದುಬಾರಿ ಕ್ರಿಸ್ಟಲೈನ್ ಪುಡಿ ಹಾಕಿಸಿದ್ದರು. ಮಳೆಗಾಲದಲ್ಲಿ ಸಂಪು ಖಾಲಿ ಮಾಡಿ ನೋಡಿದರೆ, ತಳವೂ ಗೋಡೆಯೂ ಕೂಡುವಲ್ಲಿ ಸುತ್ತಲೂ ಒದ್ದೆ ಗೆರೆ. ಹೊರಗಿನ ನೀರು ಅಲ್ಲಿಂದ ಒಳಗೆ ಒಸರುತ್ತಿತ್ತು. ಅದರ ಮೇಲಿನ ಗೋಡೆಯೆಲ್ಲ ಒಣಗಿಯೇ ಇತ್ತು. ಪುಡಿ ತನ್ನ ಕೆಲಸ ಮಾಡಿತ್ತು. ಸೋರಿದ್ದು ಅದರ ಕೈಗೆ ಸಿಗದ ಜಾಗ.

ಸಿಮೆಂಟು ಗಟ್ಟಿಯಾಗಲು ಬೇಕಾದದ್ದಕ್ಕಿಂತ ಹೆಚ್ಚು ನೀರು ಬೆರೆಸಿದರೆ, ಮಿಕ್ಕ ನೀರು ಆರಿಹೋಗಿ ಕಣ್ಣಿಗೆ ಕಾಣದ ನಾಳಗಳು ಉಳಿಯುತ್ತವೆ. ಕಾಂಕ್ರೀಟು ನೀರನ್ನು ಹೀರುವುದು ಇವುಗಳ ಮೂಲಕ. 50 ಕಿಲೋ ಮೂಟೆಗೆ ಸುಮಾರು 22 ಲೀಟರು ನೀರು ಸಾಕು. ಸಲೀಸಾಗಿ ಹರಿಯಲಿ ಎಂದು ಇನ್ನೊಂದು ಬಕೆಟ್ ಸುರಿದರೆ, ಯಾವ ಪುಡಿಯೂ ಅದನ್ನು ಸರಿದೂಗಿಸಲಾರದು.

ಅಂಗಡಿಯಲ್ಲಿ ಸಿಗುವ ಸಾಮಾನ್ಯ ವಾಟರ್‌ಪ್ರೂಫಿಂಗ್ ದ್ರವವನ್ನು ಮೂಟೆಗೆ ಸುಮಾರು 200 ಮಿಲಿಯಂತೆ ಹಾಕುತ್ತಾರೆ. ಇಂಥವುಗಳಲ್ಲಿ ಹಲವು ನಾಳದ ಒಳಮೈಗೆ ಕೆಸುವಿನೆಲೆಯ ಗುಣ ಕೊಡುತ್ತವೆ, ನೀರು ಅಂಟುವುದಿಲ್ಲ. ಮಳೆ ಹೊಡೆಯುವ ಗೋಡೆಗೆ, ಗಿಲಾವಿಗೆ ಅಷ್ಟು ಸಾಕು. ಆದರೆ ಸಂಪಿನಲ್ಲಿ ನೀರು ಒತ್ತಡದಿಂದ ನುಗ್ಗುತ್ತದೆ, ತೆರೆದೇ ಇರುವ ನಾಳದಲ್ಲಿ ದಾರಿ ಮಾಡಿಕೊಳ್ಳುತ್ತದೆ.

ಕ್ರಿಸ್ಟಲೈನ್ ಪುಡಿ ನಾಳವನ್ನೇ ತುಂಬುತ್ತದೆ. ಸಿಮೆಂಟಿನೊಳಗಿನ ಸುಣ್ಣದಂಶ ಮತ್ತು ನೀರಿನ ಜೊತೆ ಕೂಡಿ, ಕರಗದ ಸೂಜಿಯಂಥ ಹರಳುಗಳನ್ನು ಬೆಳೆಸುತ್ತದೆ. ನೀರಿಲ್ಲದಿದ್ದರೆ ಸುಮ್ಮನಿದ್ದು, ಮುಂದೆ ಕೂದಲೆಳೆಯ ಬಿರುಕು ಬಿಟ್ಟು ನೀರು ಬಂದಾಗ ಮತ್ತೆ ಹರಳು ಕಟ್ಟುವುದೇ ಇದರ ದೊಡ್ಡ ಗುಣ. ಬಿರುಕು ಮುಚ್ಚಲು ದಿನಗಳು, ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ. ಅದೂ ಅರ್ಧ ಮಿಲಿಮೀಟರಿಗಿಂತ ಸಣ್ಣ, ಅಲುಗಾಡದ ಬಿರುಕಾದರೆ ಮಾತ್ರ. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವ ತಾರಸಿಯ ಬಿರುಕಿನಲ್ಲಿ ಹರಳು ಕಟ್ಟಿದರೂ ಒಡೆಯುತ್ತದೆ. ವೈಬ್ರೇಟರ್ ಸರಿಯಾಗಿ ಆಡಿಸದೆ ಜಲ್ಲಿಯ ನಡುವೆ ಉಳಿದ ಟೊಳ್ಳನ್ನು ತುಂಬುವುದೂ ಇದರಿಂದಾಗದು.

ಆ ಸಂಪಿನಲ್ಲಿ ತಳ ಹಾಕಿ ಕೆಲವು ದಿನ ಬಿಟ್ಟು ಗೋಡೆ ಎತ್ತಿದ್ದರು. ಹಳೆಯ ಕಾಂಕ್ರೀಟಿನ ಮೇಲಿನ ಹಾಲುಕೆನೆಯಂಥ ಪದರವನ್ನು ಕೆತ್ತಿರಲಿಲ್ಲ, ಜಾಯಿಂಟಿನಲ್ಲಿ ವಾಟರ್ ಬಾರ್ ಪಟ್ಟಿಯನ್ನೂ ಇಟ್ಟಿರಲಿಲ್ಲ. ಎರಡು ಕಾಂಕ್ರೀಟುಗಳ ನಡುವೆ ಉಳಿದದ್ದು ನಾಳವಲ್ಲ, ಸುತ್ತಲೂ ಹರಿದ ಸೀಳು.

ಕೊನೆಗೆ ಆ ಗೆರೆಯುದ್ದಕ್ಕೂ ಒಂದಂಗುಲ ಅಗಲ, ಒಂದಂಗುಲ ಆಳದ ಗಾಡಿ ಕೊರೆದು, ನೀರಿನಲ್ಲೇ ನಿಮಿಷಗಳಲ್ಲಿ ಗಟ್ಟಿಯಾಗುವ ಸಿಮೆಂಟು ತುಂಬಿ, ಮೇಲೆ ಕ್ರಿಸ್ಟಲೈನ್ ಲೇಪ ಬಳಿದರು. ಸಂಪು ತುಂಬಿಸಿ, ಕಾಂಕ್ರೀಟು ಹೀರುವಷ್ಟು ಹೀರಲೆಂದು ಒಂದು ವಾರ ಬಿಟ್ಟು, ಆಮೇಲೆ ಮಟ್ಟಕ್ಕೆ ಗೆರೆ ಎಳೆದರು. ಆವಿಯಾಗುವ ಲೆಕ್ಕಕ್ಕೆ ಒಂದು ಬಕೆಟ್ ನೀರನ್ನೂ ಅದರ ಬಾಯಿಯ ಹತ್ತಿರವೇ ಇಟ್ಟರು. ಮತ್ತೊಂದು ವಾರ ಕಳೆದಾಗ ಎರಡರಲ್ಲೂ ಇಳಿದದ್ದು ಒಂದೇ ಅಳತೆ.