ಮಡಚಿದ ಚೀಟಿ, ಗಂಟು ಕಟ್ಟಿದ ಕವರ್

ಯುಕೆಜಿ ಮಗು ತರಗತಿಯಲ್ಲೇ ಚಡ್ಡಿ ಒದ್ದೆ ಮಾಡಿಕೊಂಡರೆ ಮನೆಗೆ ತಿಳಿಸುವುದು ಹೇಗೆ? ಶಾಲೆಯ ಡೈರಿ ಹತ್ತು ಕೈ ದಾಟುತ್ತದೆ. ಪೋಷಕರ ವಾಟ್ಸಾಪ್ ಗ್ರೂಪಂತೂ ಬೇಡವೇ ಬೇಡ. ಬ್ಯಾಗಿನ ಒಳಜೇಬಿಗೆ ಹಾಕಿದ ಮಡಚಿದ ಚೀಟಿಯೇ ಸರಿ:

“ನಮಸ್ಕಾರ. ಇವತ್ತು 11 ಗಂಟೆಗೆ ಮಗುವಿಗೆ ಮೂತ್ರ ತಡೆಯಲಾಗದೆ ಬಟ್ಟೆ ಒದ್ದೆಯಾಯಿತು. ಮೈ ತೊಳೆದು ಶಾಲೆಯ ಚಡ್ಡಿ ಹಾಕಿದ್ದೇವೆ. ಒದ್ದೆ ಬಟ್ಟೆ ಗಂಟು ಕಟ್ಟಿದ ಕವರಿನಲ್ಲಿದೆ. ನಮ್ಮ ಚಡ್ಡಿ ಒಗೆದು ಕಳಿಸಿ. ಬ್ಯಾಗಿನಲ್ಲಿ ಇನ್ನೊಂದು ಜೊತೆ ಬಟ್ಟೆ ಇಟ್ಟಿರಿ. ಗದರಬೇಡಿ.”

ಸಮಯ ಬರೆದದ್ದು ಸುಮ್ಮನಲ್ಲ. ದಿನಾ ಅದೇ ಹೊತ್ತಿಗೆ ಹೀಗಾಗುತ್ತಿದ್ದರೆ, ಟೀಚರ್ ಹತ್ತು ನಿಮಿಷ ಮುಂಚೆ ಕಳಿಸಿದರಾಯಿತು. ಉರಿ ಅಂದರೆ, ಅಥವಾ ಮಲ ಗಟ್ಟಿಯಾಗಿದ್ದರೆ ಡಾಕ್ಟರಿಗೆ ತೋರಿಸಬೇಕು. ಮಲಬದ್ಧತೆಯೂ ಮೂತ್ರಕೋಶವನ್ನು ಒತ್ತುತ್ತದೆ.