ಹಬೆಯೊಂದೇ ಆಡುವ ಚಿತ್ರ

ಲೋಟ, ಮೇಜು ಎಲ್ಲ ಫೋಟೊದಂತೆ ನಿಶ್ಚಲ; ಚಹಾದ ಹಬೆ ಮಾತ್ರ ಏಳುತ್ತಲೇ ಇರುತ್ತದೆ. ಇದೇ ಸಿನಿಮಾಗ್ರಾಫ್. ಹಿಂದೆ ಕಪ್ಪು ಬಟ್ಟೆ ಕಟ್ಟಿ, ಹಿಂಬದಿಯ ಓರೆಯಿಂದ ಬೆಳಕು ಬಿಟ್ಟರೆ ಹಬೆ ಎದ್ದು ಕಾಣುತ್ತದೆ. ಕ್ಯಾಮೆರಾ ಟ್ರೈಪಾಡ್ ಮೇಲಿರಲಿ. ಫೋಕಸ್, ಎಕ್ಸ್‌ಪೋಶರ್ ಲಾಕ್ ಆಗಿರಲಿ. ಇಲ್ಲದಿದ್ದರೆ ಸ್ಥಿರಚಿತ್ರಕ್ಕೂ ವಿಡಿಯೊಗೂ ನಡುವೆ ಗೆರೆ ಮಿನುಗುತ್ತದೆ.

ನಿಜವಾದ ಕಷ್ಟ ಬೆಸುಗೆಯದು. ವಿಡಿಯೊವನ್ನು ಹಿಂದುಮುಂದಾಗಿ ಓಡಿಸಿದರೆ ಹಬೆ ಲೋಟಕ್ಕೇ ವಾಪಸಾಗುತ್ತದೆ, ಮೋಸ ತಕ್ಷಣ ಬಯಲಾಗುತ್ತದೆ. ಅದರ ಬದಲು 6 ಸೆಕೆಂಡಿನ ತುಣುಕಿನ ಮೊದಲ ಸೆಕೆಂಡನ್ನು ಕತ್ತರಿಸಿ, ಕೊನೆಯ ಸೆಕೆಂಡಿನ ಮೇಲಿಟ್ಟು, ನಿಧಾನವಾಗಿ ಮೂಡಿಸಿ. ಈಗ 5 ಸೆಕೆಂಡಿನ ಲೂಪ್ ಮುಗಿಯುವ ಚೌಕಟ್ಟು ಶುರುವಿನ ಚೌಕಟ್ಟಿಗೆ ಕೂಡಿಕೊಳ್ಳುತ್ತದೆ. ಹಬೆಗೆ ಗಟ್ಟಿ ಅಂಚಿಲ್ಲದ್ದರಿಂದ ಬೆಸುಗೆ ಕಾಣದು. ಕೊನೆಗೆ ಒಂದು ಫ್ರೇಮನ್ನು ಸ್ಥಿರಚಿತ್ರವಾಗಿ ಮೇಲಿಟ್ಟು, ಹಬೆಯ ಜಾಗವನ್ನಷ್ಟೇ ಮೃದು ಅಂಚಿನ ಮಾಸ್ಕ್‌ನಿಂದ ತೆರೆಯಿರಿ.