ಹೊಸ ದಿನಸಿ ಅಂಗಡಿಯ ಮೊದಲ ಪಟ್ಟಿ

ಹೊಸದಾಗಿ ತೆರೆದ ಅಂಗಡಿಯ ಕಪಾಟುಗಳು ಸೂರಿನವರೆಗೆ ತುಂಬಿದ್ದರೆ ನೋಡುವವರ ಕಣ್ಣಿಗೆ ಹಬ್ಬ. ಆದರೆ ಆ ಹಬ್ಬದ ಖರ್ಚನ್ನು ತೆರಬೇಕಾದವನು ಅಂಗಡಿಕಾರ. ದಿನಸಿ ವ್ಯಾಪಾರದಲ್ಲಿ ಕೈಸುಟ್ಟುಕೊಂಡವರನ್ನು ವಿಚಾರಿಸಿದರೆ, ಗಿರಾಕಿ ಬಾರದೆ ಕೆಟ್ಟವರಿಗಿಂತ, ಬಂದ ಗಿರಾಕಿ ಕೇಳಿದ ಬೇಳೆಯನ್ನು ಕೊಡಲು ಗಲ್ಲಾದಲ್ಲಿ ಹಣವಿಲ್ಲದೆ ಕೆಟ್ಟವರೇ ಹೆಚ್ಚಾಗಿ ಸಿಕ್ಕಾರು. ಅವರ ಹಣವೆಲ್ಲ ಆ ಹೊತ್ತಿಗೆ ಯಾರೂ ಕೇಳದ ಡಬ್ಬಿ ಸೀಸೆಗಳ ರೂಪದಲ್ಲಿ ಮೇಲಿನ ಅಟ್ಟದ ಮೇಲೆ ನಿದ್ರಿಸುತ್ತಿರುತ್ತದೆ. ಆದುದರಿಂದ ಮೊದಲ ಪಟ್ಟಿಯನ್ನು ಬರೆಯುವಾಗ ಏನನ್ನು ಕೊಳ್ಳಬೇಕೆಂಬುದರಷ್ಟೇ ಎಷ್ಟು ದಿನಕ್ಕಾಗಿ ಕೊಳ್ಳಬೇಕೆಂಬುದೂ ಮುಖ್ಯವಾಗುತ್ತದೆ.

ಹಲಸೂರಿನ ಒಂದು ಅಡ್ಡರಸ್ತೆಯಲ್ಲಿ ಗಂಡಹೆಂಡಿರಿಬ್ಬರು ಹತ್ತಡಿ ಅಗಲದ ಮಳಿಗೆಯೊಂದನ್ನು ಹಿಡಿದಿದ್ದಾರೆಂದು ಕಲ್ಪಿಸಿಕೊಳ್ಳೋಣ. ಮುಂಗಡ, ಕಪಾಟು, ತಕ್ಕಡಿ, ಶೀತಕಪಾಟು ಇವುಗಳ ಖರ್ಚು ಮುಗಿದು, ಸರಕಿಗೂ ಮೊದಲ ತಿಂಗಳ ನಿರ್ವಹಣೆಗೂ ಸೇರಿ ಅವರ ಕೈಯಲ್ಲಿ ಉಳಿದಿರುವುದು 1,20,000 ರೂಪಾಯಿ. ಅದು ಬಹು ವರ್ಷಗಳ ಉಳಿತಾಯ. ಮತ್ತೆ ಕೂಡಿಸುವುದು ಸುಲಭವಲ್ಲ. ಮುಂದೆ ಬರುವ ಬೆಲೆಗಳೂ ಮಾರಾಟದ ಅಂಕಿಗಳೂ ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು. ಪೇಟೆಯ ಧಾರಣೆಗೆ ತಕ್ಕಂತೆ ಅವನ್ನು ತಿದ್ದಿಕೊಳ್ಳಬೇಕು. ಲೆಕ್ಕದ ಕ್ರಮ ಮಾತ್ರ ಬದಲಾಗದು.

ಬೀದಿಯ ಅಡುಗೆಮನೆ

ಪಟ್ಟಿಯ ಮೊದಲ ಸಾಲು ಹುಟ್ಟುವುದು ಬೀದಿಯಲ್ಲಿ. ಬೆಂಗಳೂರಿನ ದಂಡುಪ್ರದೇಶವು 1949ರಲ್ಲಿ ಪೇಟೆಯೊಡನೆ ಒಂದೇ ನಗರಸಭೆಯ ಆಡಳಿತಕ್ಕೆ ಸೇರಿತಾದರೂ, ಅಲ್ಲಿಯ ಅಡುಗೆಮನೆಗಳು ಇಂದಿಗೂ ತಮ್ಮ ತಮ್ಮ ರುಚಿಯನ್ನು ಬಿಟ್ಟುಕೊಟ್ಟಿಲ್ಲ. ಹಲಸೂರಿನಲ್ಲಿ ಕನ್ನಡ, ತಮಿಳು, ತೆಲುಗು ಮನೆಗಳು ಒತ್ತಾಗಿವೆ. ಇಲ್ಲಿ ಇಡ್ಲಿ ಅಕ್ಕಿ, ಉದ್ದು, ಎಳ್ಳೆಣ್ಣೆ, ಕಾಫಿಪುಡಿ ಓಡುವ ಸರಕು. ಶಿವಾಜಿನಗರದಲ್ಲಿ, 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಯ ಆಸುಪಾಸಿನಲ್ಲಿ, ಬಿರಿಯಾನಿ ಅಕ್ಕಿ, ಗರಂ ಮಸಾಲೆಯ ಸಾಮಾನು, ರಂಜಾನಿನ ಕಾಲಕ್ಕೆ ಖರ್ಜೂರ ಮತ್ತು ಶಾವಿಗೆ ಮುಂದೆ ಬರುತ್ತವೆ. ಕೃಷ್ಣರಾಜಪುರದ ಕಡೆ ಉತ್ತರ ಮತ್ತು ಪೂರ್ವ ಭಾರತದಿಂದ ದುಡಿಯಲು ಬಂದವರಿರುವ ಕೇರಿಯಾದರೆ, ಗೋಧಿಹಿಟ್ಟು ಮತ್ತು ಸಾಸಿವೆ ಎಣ್ಣೆ, ಅದೂ ಸಣ್ಣ ಪೊಟ್ಟಣಗಳಲ್ಲಿ, ಬೇಕಾಗುತ್ತದೆ. ಇಂದಿರಾನಗರದ ಅನೇಕ ಮನೆಗಳಿಗೆ ಸಾಮಾನು ಮೊಬೈಲಿನ ಕರೆಗೆ ಕೆಲವೇ ನಿಮಿಷಗಳಲ್ಲಿ ಬಾಗಿಲಿಗೆ ಬರುತ್ತದೆ; ಅಲ್ಲಿ ಅಂಗಡಿಕಾರನ ಪಾಲಿಗೆ ಉಳಿಯುವುದು ಬೇರೆಯದೇ ವ್ಯಾಪಾರ.

ನಮ್ಮ ದಂಪತಿಗಳು ಅಂಗಡಿ ತೆರೆಯುವ ಮುನ್ನ ಒಂದು ವಾರ ಬೆಳಿಗ್ಗೆ ಸಂಜೆ ಬೀದಿ ಸುತ್ತಿ ಮನೆಗಳನ್ನು ಎಣಿಸಿದರು. ಎರಡು ಅಡ್ಡರಸ್ತೆಗಳಲ್ಲಿ 120 ಮನೆಗಳು. ಮೊದಲ ತಿಂಗಳು ಅವುಗಳಲ್ಲಿ ಮೂರರಲ್ಲೊಂದು, ಎಂದರೆ 40 ಮನೆಗಳು ಬಂದಾವು. ಆ ಮನೆಗಳು ತಿಂಗಳ ಸಾಮಾನನ್ನೆಲ್ಲ ಹೊಸಬರಲ್ಲಿ ಕೊಳ್ಳುವುದಿಲ್ಲ. ಅದಕ್ಕೆ ಹಳೆಯ ಅಂಗಡಿಯೋ ದೊಡ್ಡ ಮಾಲ್‌ಗಳೋ ಇವೆ. ಮುಗಿದುಹೋದದ್ದಕ್ಕೆ, ಮರೆತುಬಂದದ್ದಕ್ಕೆ ಮಾತ್ರ ಹೊಸ ಅಂಗಡಿಗೆ ಬರುತ್ತಾರೆ. ಮನೆಯೊಂದಕ್ಕೆ ದಿನಕ್ಕೆ 60 ರೂಪಾಯಿಯಂತೆ 2,400, ದಾರಿಹೋಕರಿಂದ 600, ಒಟ್ಟು ದಿನಕ್ಕೆ 3,000 ರೂಪಾಯಿಯ ಮಾರಾಟ. ನೂರಕ್ಕೆ ಹತ್ತು ಲಾಭವೆಂದು ಕಳೆದರೆ, ಪ್ರತಿದಿನ ಅಂಗಡಿಯಿಂದ ಹೊರಹೋಗುವ ಸರಕಿನ ಅಸಲು 2,700 ರೂಪಾಯಿ. ಈ ಒಂದು ಅಂಕಿಯೇ ಪಟ್ಟಿಗೆ ಅಳತೆಗೋಲು.

ದಿನಗಳ ಲೆಕ್ಕ

ಯಾವ ಸರಕನ್ನಾದರೂ ಒಂದು ದಿನದ ಮಾರಾಟವನ್ನು ದಿನಗಳಿಂದ ಗುಣಿಸಿ ಕೊಳ್ಳಬೇಕು. ಆ ದಿನಗಳೆಂದರೆ, ಮುಂದಿನ ಖರೀದಿಯವರೆಗಿನ ಅಂತರ ಮತ್ತು ಆಪತ್ತಿಗೆಂದು ಎರಡು ಮೂರು ದಿನದ ಮೀಸಲು. ಸೋನಾಮಸೂರಿ ಅಕ್ಕಿಯನ್ನು ನೋಡೋಣ. ದಿನಕ್ಕೆ 8 ಕೆ.ಜಿ. ಹೋಗುವುದೆಂದೂ, ಯಶವಂತಪುರದ ಮಂಡಿಗೆ ವಾರಕ್ಕೊಮ್ಮೆ ಹೋಗುವುದೆಂದೂ ಇಟ್ಟುಕೊಂಡರೆ, ಏಳು ದಿನಕ್ಕೆ ಮೂರು ದಿನ ಸೇರಿಸಿ 80 ಕೆ.ಜಿ. ಬೇಕು. ಮಂಡಿಯಲ್ಲಿ ಈಗ 26 ಕೆ.ಜಿ.ಯ ಚೀಲಗಳು ಬಳಕೆಯಲ್ಲಿವೆ. 2022ರ ಜುಲೈ 18ರಿಂದ, 25 ಕೆ.ಜಿ.ವರೆಗಿನ, ಮೊದಲೇ ಕಟ್ಟಿ ಚೀಟಿ ಹಚ್ಚಿದ ಧಾನ್ಯದ ಚೀಲಗಳಿಗೆ ನೂರಕ್ಕೆ ಐದರಂತೆ ತೆರಿಗೆ ಬಿದ್ದುದರಿಂದ ವ್ಯಾಪಾರಿಗಳು ಒಂದು ಕೆ.ಜಿ. ಹೆಚ್ಚಿಸಿ ಚೀಲ ಕಟ್ಟತೊಡಗಿದರು. ಅಂಥ ಮೂರು ಚೀಲಗಳಾದರೆ 78 ಕೆ.ಜಿ.; ಅಷ್ಟೇ ಸಾಕು. ಹತ್ತು ಚೀಲ ಕೊಂಡರೆ ಕೆ.ಜಿ.ಗೆ ಒಂದು ರೂಪಾಯಿ ಕಡಿಮೆಯಾದೀತು. ಆದರೆ ಏಳು ಚೀಲಗಳ ಹಣ ಒಂದು ತಿಂಗಳು ಕಟ್ಟಿಬಿದ್ದಿರುತ್ತದೆ.

ಇನ್ನು ಏಲಕ್ಕಿ. ಕೆ.ಜಿ.ಗೆ ಸಾವಿರಗಟ್ಟಲೆ ಬೆಲೆ. ದಿನಕ್ಕೆ ಹತ್ತು ಗ್ರಾಂ ಹೋದರೆ ಹೆಚ್ಚು. ಅದನ್ನು ಹತ್ತಿರದ ತರಗುಪೇಟೆಯಲ್ಲಿ 100 ಗ್ರಾಂ ಮಾತ್ರ ಕೊಳ್ಳಬೇಕು. ಮಂಡಿ ಚೀಲಗಟ್ಟಲೆ ಸರಕಿಗೆ, ತರಗುಪೇಟೆ ಬಿಡಿ ಸರಕಿಗೆ ಎಂದು ಹಂಚಿಕೊಂಡರೆ ಗೂಡ್ಸ್ ಆಟೋದ ಬಾಡಿಗೆಯೂ ಉಳಿಯುತ್ತದೆ.

ಕೆಡುವ ಸರಕಿಗೆ ದಿನಗಳನ್ನು ನಿರ್ಧರಿಸುವುದು ಮಾರಾಟವಲ್ಲ, ಹುಳು. ರವೆಯನ್ನೂ ರಾಗಿಹಿಟ್ಟನ್ನೂ ಹತ್ತು ದಿನಕ್ಕಿಂತ ಹೆಚ್ಚು ಇಡದಿರುವುದು ಲೇಸು. ರವೆ ಉದುರದೆ ಜೇಡರ ಬಲೆಯಂಥ ಎಳೆಗಳಿಂದ ಗಂಟುಗಟ್ಟಿದ್ದರೆ ಅದರಲ್ಲಿ ಹುಳು ಬಿದ್ದಾಗಿದೆ. ಹೆಸರುಕಾಳು, ಅಲಸಂದೆಗಳ ಮೇಲೆ ಸಣ್ಣ ಬಿಳಿಯ ಚುಕ್ಕೆಗಳು ಅಂಟಿದ್ದರೆ ಅವು ಕಾಳುಕೊರೆಯುವ ಹುಳುವಿನ ಮೊಟ್ಟೆಗಳು. ಮಂಡಿಯಲ್ಲಿಯೇ ಅಂಗೈಯಲ್ಲಿ ಹರಡಿ ನೋಡಿ ಬಿಡಬೇಕು. ಮಳೆಗಾಲದಲ್ಲಿ ಬೆಲ್ಲ ನೀರೊಡೆಯುವುದರಿಂದ ಎರಡು ಮೂರು ಅಚ್ಚುಗಳೇ ಸಾಕು. ಹೊಸ ಚೀಲವನ್ನು ಹಳೆಯದರ ಮೇಲೆ ಸುರಿಯದೆ, ಹಳೆಯದು ಮುಗಿದ ಮೇಲೆಯೇ ಬಿಚ್ಚುವ ಶಿಸ್ತು ಮೊದಲ ದಿನದಿಂದ ಇರಬೇಕು.

ಹಣದ ಹಂಚಿಕೆ

ಈ ಕ್ರಮದಲ್ಲಿ ದಂಪತಿಗಳ ಮೊದಲ ಖರೀದಿ ಹೀಗಾಗುತ್ತದೆ: ಅಕ್ಕಿ, ಹಿಟ್ಟು, ಬೇಳೆಕಾಳುಗಳಿಗೆ 18,000, ಎಣ್ಣೆ, ಸಕ್ಕರೆ, ಬೆಲ್ಲ, ಉಪ್ಪು, ಹುಣಸೆಹಣ್ಣಿಗೆ 13,000, ಮೆಣಸಿನಕಾಯಿ, ಕೊತ್ತಂಬರಿಬೀಜ ಮುಂತಾದ ಸಾಂಬಾರ ಪದಾರ್ಥಕ್ಕೂ ಕಾಫಿ ಚಹಾಕ್ಕೂ 10,000, ಬಿಸ್ಕತ್ತು, ಸಾಬೂನು, ಹಲ್ಲುಪುಡಿ, ಪೂಜೆಯ ಸಾಮಾನು ಇತ್ಯಾದಿ ಕಟ್ಟಿದ ಸರಕಿಗೆ 21,500, ಹಾಲು, ಮೊಟ್ಟೆ, ಬ್ರೆಡ್ಡು, ಈರುಳ್ಳಿ, ಆಲೂಗಡ್ಡೆಗೆ 4,500. ಒಟ್ಟು 67,000 ರೂಪಾಯಿ. ದಿನಕ್ಕೆ 2,700ರ ಅಸಲು ಹೋಗುವ ಅಂಗಡಿಗೆ ಇದು ಸುಮಾರು 25 ದಿನದ ಸರಕು. ಅದಕ್ಕೂ ಮೀರಿದರೆ ಪಟ್ಟಿಯನ್ನು ಮತ್ತೆ ಕತ್ತರಿಸಬೇಕು. ಚೀಲ, ಪೊಟ್ಟಣ, ಮೊದಲ ಸಾಗಾಣಿಕೆಗೆ 3,000 ಸೇರಿಸಿದರೆ 70,000.

ಉಳಿದ 50,000ಕ್ಕೂ ಹೆಸರಿಡಬೇಕು. ಬಾಡಿಗೆ 12,000, ವಿದ್ಯುತ್ತು 2,000, ವಾರದ ಸಾಗಾಣಿಕೆ 2,000, ಕೂಡಿ 16,000 ತಿಂಗಳ ಖರ್ಚು. ಗಿರಾಕಿಗಳು ಕೇಳಿ ಅಂಗಡಿಯಲ್ಲಿ ಸಿಗದ ಸರಕಿಗೆ 15,000. ಮುಟ್ಟಬಾರದ ಆಪದ್ಧನ 10,000. ಮಿಕ್ಕ 9,000 ಸಾಲಕ್ಕೆ. ತಿಂಗಳ ಸಂಬಳದ ಮನೆಗಳಿರುವ ಬೀದಿಯಲ್ಲಿ "ಬರೆದಿಟ್ಟುಕೊಳ್ಳಿ ಅಣ್ಣ, ಒಂದನೇ ತಾರೀಕು ಕೊಡುತ್ತೇವೆ" ಎಂಬ ಮಾತನ್ನು ತಪ್ಪಿಸಲಾಗದು. ಆದರೆ ಸಾಲಕೊಟ್ಟ ಸಾಮಾನೂ ಬಂಡವಾಳವೇ. ಹದಿನೆಂಟು ಮನೆಗೆ 500ರಂತೆ 9,000 ತುಂಬಿದ ದಿನ ಪುಸ್ತಕವನ್ನು ಮುಚ್ಚಬೇಕು. ಸಗಟು ವ್ಯಾಪಾರಿ ಹೊಸಬರಿಗೆ ಸಾಲ ಕೊಡುವುದು ಅಪರೂಪವೆಂಬುದನ್ನು ಇಲ್ಲಿ ನೆನೆಯಬೇಕು.

ಲಾಭದ ಸರಕು, ಓಟದ ಸರಕು

ಈ ಲೆಕ್ಕದಲ್ಲಿ ಒಂದು ಕಹಿ ಸಂಗತಿ ಅಡಗಿದೆ. ತಿಂಗಳಿಗೆ 90,000 ಮಾರಾಟವಾದರೆ ಲಾಭ 9,000, ಖರ್ಚು 16,000. ಮೊದಲ ತಿಂಗಳು 7,000 ಕೈಬಿಡುತ್ತದೆ. ಅಂಗಡಿ ತನ್ನ ಖರ್ಚನ್ನು ತಾನೇ ಹೊರಬೇಕಾದರೆ ತಿಂಗಳಿಗೆ 1,60,000, ಎಂದರೆ ದಿನಕ್ಕೆ ಸುಮಾರು 5,300 ರೂಪಾಯಿ ಮಾರಬೇಕು. ಆದರೆ ಲಾಭ ನೂರಕ್ಕೆ ಹನ್ನೆರಡೂವರೆಯಾದರೆ 1,28,000 ಸಾಕು. ದಿನಕ್ಕೆ ಸಾವಿರ ರೂಪಾಯಿಯ ಭಾರ ಇಳಿಯುತ್ತದೆ.

ಆ ಎರಡೂವರೆ ಎಲ್ಲಿಂದ ಬರಬೇಕು? ಹಾಲು, ಸಕ್ಕರೆ, ಅಕ್ಕಿ, ಎಣ್ಣೆಗಳ ಬೆಲೆ ಎಲ್ಲರಿಗೂ ಬಾಯಿಪಾಠ. ಅವುಗಳಲ್ಲಿ ಲಾಭ ಅತ್ಯಲ್ಪ. ಅವು ಗಿರಾಕಿಯನ್ನು ಮೆಟ್ಟಿಲು ಹತ್ತಿಸುವ ಸರಕು. ಒಂದು ದಿನವೂ ಇಲ್ಲವೆನ್ನಬಾರದು. ಲಾಭವಿರುವುದು ಕಣ್ಣೆದುರು ತೂಗಿ ಕೊಡುವ ಬಿಡಿ ಸರಕಿನಲ್ಲಿ: ಬ್ಯಾಡಗಿ ಮೆಣಸಿನಕಾಯಿ, ಜೀರಿಗೆ, ಹುರಿಗಡಲೆ, ಹುಣಸೆಹಣ್ಣು, ಕಡಲೆಕಾಯಿಬೀಜ. ಹಾಲಿಗೆ ಬಂದ ಗೃಹಿಣಿ ಐವತ್ತು ಗ್ರಾಂ ಜೀರಿಗೆಯನ್ನೂ ಒಯ್ಯುವಂತೆ ಅವು ಕೈಗೆಟಕುವಲ್ಲಿರಬೇಕು. ತಕ್ಕಡಿಗೆ ಇಲಾಖೆಯ ಮುದ್ರೆ ಇರಲೇಬೇಕು. ಮೊದಲೇ ಪೊಟ್ಟಣ ಕಟ್ಟಿ ಮಾರುವುದಾದರೆ ತೂಕ, ಬೆಲೆ, ಕಟ್ಟಿದವರ ಹೆಸರು ಮೊದಲಾದವನ್ನು ಮುದ್ರಿಸುವ ನಿಯಮವನ್ನು ಪಾಲಿಸಬೇಕು.

ಇದಕ್ಕೆ ವಿರುದ್ಧವಾದ ಆಸೆಯೊಂದನ್ನು ಕಂಪೆನಿಯ ಪ್ರತಿನಿಧಿ ತರುತ್ತಾನೆ: "ಹನ್ನೆರಡು ತೆಗೆದುಕೊಂಡರೆ ಒಂದು ಉಚಿತ." ಹೊಸ ಹೆಸರಿನ ಬಟ್ಟೆಸೋಪಿನ ಪುಡಿ, ತಲಾ 60ರಂತೆ ಹನ್ನೆರಡಕ್ಕೆ 720. ತಿಂಗಳಿಗೆ ಎರಡು ಹೋದರೆ ಮುಗಿಯಲು ಆರು ತಿಂಗಳು ದಾಟುತ್ತದೆ. ಅದೇ 720ಕ್ಕೆ, ಕೆ.ಜಿ.ಗೆ 120ರಂತೆ ಆರು ಕೆ.ಜಿ. ತೊಗರಿಬೇಳೆ ಬರುತ್ತದೆ, ದಿನಕ್ಕೆ ಒಂದೂವರೆ ಕೆ.ಜಿ. ಹೋಗುವ ಅಂಗಡಿಯಲ್ಲಿ ನಾಲ್ಕೇ ದಿನದಲ್ಲಿ ಹಣ ತಿರುಗಿ ಬರುತ್ತದೆ. ಬೇಳೆ ಮುಗಿದ ದಿನ ಆ 720 ಗಲ್ಲಾದಲ್ಲಿರುವುದೋ ಸೋಪಿನ ಡಬ್ಬಿಯಲ್ಲಿರುವುದೋ ಎಂಬುದೇ ಪ್ರಶ್ನೆ.

ತಿಂಗಳ ಕೊನೆಯ ರಾತ್ರಿ

ಮೂವತ್ತನೆಯ ರಾತ್ರಿ ಬಾಗಿಲು ಹಾಕಿ ಸರಕನ್ನೆಲ್ಲ ಅಸಲು ಬೆಲೆಯಲ್ಲಿ ಎಣಿಸಬೇಕು. ಸರಕು, ನಗದು, ಬರಬೇಕಾದ ಸಾಲ ಮೂರನ್ನೂ ಕೂಡಿದರೆ, ಎಣಿಸಿದಂತೆಯೇ ಮಾರಾಟವಾಗಿದ್ದಲ್ಲಿ, 1,10,000 ರೂಪಾಯಿ ಸಿಗಬೇಕು: 1,20,000ಕ್ಕೆ ಲಾಭದ 9,000 ಕೂಡಿಸಿ, ಖರ್ಚಿನ 16,000ವನ್ನೂ ಚೀಲ ಸಾಗಾಣಿಕೆಯ 3,000ವನ್ನೂ ಕಳೆದದ್ದು. ಅದಕ್ಕಿಂತ ಕಡಿಮೆ ಬಂದರೆ ಕಾರಣ ಸಾಮಾನ್ಯವಾಗಿ ಮೂರರಲ್ಲೊಂದು: ಬಿಡಿ ಸರಕನ್ನು ತೂಗುವಾಗ ಕೈಮೀರಿ ಬಿಟ್ಟದ್ದು, ಕೆಟ್ಟು ಎಸೆದದ್ದು, ಅಥವಾ ಬರೆಯದೆ ಸ್ವಂತ ಅಡುಗೆಮನೆಗೆ ಒಯ್ದದ್ದು. ಕೊನೆಯದು ಎಲ್ಲಕ್ಕಿಂತ ಹೆಚ್ಚು ಮನೆಗಳನ್ನು ಸದ್ದಿಲ್ಲದೆ ನುಂಗುತ್ತದೆ; ಮನೆಗೊಯ್ದ ಕಾಲು ಕೆ.ಜಿ. ಸಕ್ಕರೆಯನ್ನೂ ಗಿರಾಕಿಯದೆಂಬಂತೆ ಬರೆಯಬೇಕು.

ಆ ರಾತ್ರಿ ಇನ್ನೊಂದು ಪುಸ್ತಕವನ್ನೂ ತೆರೆಯಬೇಕು. ತಿಂಗಳೆಲ್ಲ ಗಿರಾಕಿಗಳಿಗೆ "ಇಲ್ಲ" ಎಂದ ಸರಕುಗಳ ಪಟ್ಟಿ ಅದು. ಬೇರೆ ಬೇರೆ ಮೂರು ಮನೆಗಳು ಕೇಳಿದ ಸರಕು ಮೀಸಲಿಟ್ಟ 15,000ದಿಂದ ಅಂಗಡಿಗೆ ಬರುತ್ತದೆ. ಮೂವತ್ತು ದಿನ ಯಾರೂ ಮುಟ್ಟದ ಸರಕಿನ ಹೆಸರು ಎರಡನೆಯ ಪಟ್ಟಿಯಿಂದ ಹೊರಬೀಳುತ್ತದೆ. ಮೊದಲ ಪಟ್ಟಿಯನ್ನು ಅಂಗಡಿಕಾರ ಊಹೆಯಿಂದ ಬರೆದನು. ಎರಡನೆಯದನ್ನು ಆ ಬೀದಿಯೇ ಬರೆದುಕೊಡುತ್ತದೆ.